ವಾಕಿಂಗ್ ಆದಮೇಲಿನ ವಡೆ: ಹನ್ನೆರಡು ವಾರ ನಡೆದರೂ ಇಳಿಯದ ತೂಕದ ಒಂದು ಪ್ರಕರಣ

ಬೆಳಿಗ್ಗೆ ಏಳೂವರೆಗೆ ಲಾಲ್‌ಬಾಗಿನ ಯಾವ ದ್ವಾರದ ಹೊರಗೆ ನಿಂತರೂ ಒಂದೇ ನೋಟ. ಬೂಟು, ಟ್ರ್ಯಾಕ್ ಪ್ಯಾಂಟು ಹಾಕಿದ ನಡುವಯಸ್ಸಿನವರು ಗುಂಪುಗುಂಪಾಗಿ ಹೊರಬಂದು ಹತ್ತಿರದ ದರ್ಶಿನಿಯ ಕಡೆಗೆ ತಿರುಗುತ್ತಾರೆ. ಈ ಪ್ರಕರಣದ ವ್ಯಕ್ತಿ ಅವರಲ್ಲೊಬ್ಬರು. ಇವರು ನಿಜವಾದ ಒಬ್ಬ ವ್ಯಕ್ತಿಯಲ್ಲ. ತೂಕ ಇಳಿಸಲು ನಡೆಯತೊಡಗಿದವರಲ್ಲಿ ಮತ್ತೆಮತ್ತೆ ಕಾಣುವ ಸಂಗತಿಗಳನ್ನು ಸೇರಿಸಿ ಕಟ್ಟಿದ ಮಾದರಿ. ಲೆಕ್ಕಗಳು ಮಾತ್ರ ಯಾರು ಬೇಕಾದರೂ ಪೆನ್ನು ಹಿಡಿದು ತಾಳೆ ನೋಡಬಹುದಾದವು. ಬರಹದುದ್ದಕ್ಕೂ ಕ್ಯಾಲರಿ ಅಂದರೆ ಆಹಾರದ ಪೊಟ್ಟಣಗಳ ಮೇಲಿರುವ ಕಿಲೋಕ್ಯಾಲರಿ.

ಹಿನ್ನೆಲೆ

ವಯಸ್ಸು 48, ಎತ್ತರ 168 ಸೆಂ.ಮೀ., ತೂಕ 78 ಕಿಲೋ, ಹೊಟ್ಟೆಯ ಸುತ್ತಳತೆ 98 ಸೆಂ.ಮೀ. ಕೂತು ಮಾಡುವ ಸರ್ಕಾರಿ ಕಚೇರಿಯ ಕೆಲಸ. ಬಿ.ಪಿ. 138/88. ಸಕ್ಕರೆ ಕಾಯಿಲೆ ಇಲ್ಲ, ಥೈರಾಯ್ಡ್ ಪರೀಕ್ಷೆ ಸರಿಯಿದೆ, ತೂಕ ಏರಿಸುವ ಯಾವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿಲ್ಲ. ತೂಕ ಇಳಿಯದ ಪ್ರಕರಣವನ್ನು ಕೈಗೆತ್ತಿಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆಗಳು ಇವೇ. ಇವು ಬಗೆಹರಿಯದೆ ತಿಂಡಿಯ ಲೆಕ್ಕಕ್ಕೆ ಕೈ ಹಾಕಿದರೆ ದಾರಿ ತಪ್ಪುತ್ತದೆ.

ಬಿ.ಪಿ. ನೋಡಿದ ಡಾಕ್ಟರು ದಿನಾ ನಡೆಯಿರಿ ಅಂದರು. ವಾರಕ್ಕೆ ಆರು ದಿನ, ದಿನಕ್ಕೆ 50 ನಿಮಿಷ, ಸುಮಾರು ನಾಲ್ಕೂವರೆ ಕಿಲೋಮೀಟರ್. ಮಾತಾಡಬಹುದು, ಆದರೆ ಹಾಡಲಾಗದು ಎನ್ನುವಂಥ ಬಿರುಸಿನ ನಡಿಗೆ. ಹನ್ನೆರಡು ವಾರದಲ್ಲಿ ತಪ್ಪಿಸಿದ್ದು ಬೆರಳೆಣಿಕೆಯ ದಿನ. ಕೊನೆಗೆ ತೂಕ 78.2 ಕಿಲೋ.

“ಇಷ್ಟು ನಡೆದರೂ ಇಳಿಯಲಿಲ್ಲ ಅಂದರೆ ನನ್ನ ಮೈಯೇ ಹೀಗೆ” ಎಂಬುದು ಅವರ ತೀರ್ಮಾನವಾಗಿತ್ತು. ಮೆಟಬಾಲಿಸಂ ನಿಧಾನ ಅಂದರು ಗೆಳೆಯರು. ಕೊಬ್ಬು ಹೋಗಿ ಸ್ನಾಯು ಬಂದಿರಬೇಕು ಎಂದು ಇನ್ನೊಬ್ಬರ ಸಮಾಧಾನ. ಆ ಎರಡನೆಯ ಮಾತಿನಲ್ಲಿ ಎಳ್ಳಷ್ಟು ನಿಜವಿದೆ. ಹೊಟ್ಟೆಯ ಸುತ್ತಳತೆ 96.5ಕ್ಕೆ ಇಳಿದಿತ್ತು, ಬಿ.ಪಿ.ಯೂ ಒಂದಷ್ಟು ತಗ್ಗಿತ್ತು. ಹಾಗಂತ ಬರೀ ನಡಿಗೆಯಿಂದ ಹನ್ನೆರಡು ವಾರದಲ್ಲಿ ಕಿಲೋಗಟ್ಟಲೆ ಸ್ನಾಯು ಬೆಳೆಯುವುದಿಲ್ಲ. ತೂಕದ ಯಂತ್ರ ಅಲುಗದಿರುವುದಕ್ಕೆ ಬೇರೆ ಕಾರಣ ಬೇಕು.

ಖರ್ಚಾದದ್ದು ಎಷ್ಟು

ಕೈಯಲ್ಲಿದ್ದ ಸ್ಮಾರ್ಟ್ ವಾಚು ದಿನಾ ಸುಮಾರು 340 ಕ್ಯಾಲರಿ ತೋರಿಸುತ್ತಿತ್ತು. ಗೆಳೆಯರ ಬಳಿ ಅವರು ಹೇಳುತ್ತಿದ್ದುದೂ ಅದೇ ಅಂಕಿ. ಇಡೀ ಪ್ರಕರಣದ ಮೊದಲ ಎಡವಟ್ಟು ಇಲ್ಲಿದೆ.

ಸುಮ್ಮನೆ ಕೂತಾಗ ನಮ್ಮ ದೇಹ ಗಂಟೆಗೆ, ಪ್ರತಿ ಕಿಲೋ ತೂಕಕ್ಕೆ ಹೆಚ್ಚುಕಡಿಮೆ ಒಂದು ಕ್ಯಾಲರಿ ಖರ್ಚು ಮಾಡುತ್ತದೆ. ಗಂಟೆಗೆ ಐದೂವರೆ ಕಿಲೋಮೀಟರ್ ವೇಗದಲ್ಲಿ ನಡೆಯುವಾಗ ಈ ಖರ್ಚು ಸುಮಾರು ನಾಲ್ಕು ಪಟ್ಟಾಗುತ್ತದೆ. 78 ಕಿಲೋ ತೂಕದವರು 50 ನಿಮಿಷ ನಡೆದರೆ ಒಟ್ಟು 260 ಕ್ಯಾಲರಿ. ಆದರೆ ಅದರಲ್ಲಿ ಒಂದು ಪಾಲು, ಅಂದರೆ 65 ಕ್ಯಾಲರಿ, ಮನೆಯಲ್ಲಿ ಪೇಪರ್ ಓದುತ್ತಾ ಕೂತಿದ್ದರೂ ಖರ್ಚಾಗುತ್ತಿತ್ತು. ನಡಿಗೆಯ ಲೆಕ್ಕಕ್ಕೆ ಹಿಡಿಯಬೇಕಾದದ್ದು ಉಳಿದ 195 ಮಾತ್ರ. ಇನ್ನೂ ಸುಲಭದ ಸೂತ್ರ ಬೇಕೆಂದರೆ ತೂಕದ ಅರ್ಧವನ್ನು ಕಿಲೋಮೀಟರಿನಿಂದ ಗುಣಿಸಿ: 39 × 4.5, ಸುಮಾರು 175. ಚುರುಕಾಗಿ ನಡೆಯುವವರಿಗೆ ತುಸು ಹೆಚ್ಚು. ಎರಡು ದಾರಿಯಲ್ಲಿ ಹೋದರೂ ಉತ್ತರ 200ರ ಆಸುಪಾಸಿನಲ್ಲೇ ಸಿಗುತ್ತದೆ, 340ರಲ್ಲಲ್ಲ.

ವಾಚನ್ನು ಪೂರ್ತಿ ದೂರುವಂತಿಲ್ಲ. ಹೃದಯದ ಬಡಿತವನ್ನು ಅದು ಸಾಕಷ್ಟು ಸರಿಯಾಗಿಯೇ ಅಳೆಯುತ್ತದೆ. ಕ್ಯಾಲರಿಯಾದರೆ ಅಳತೆಯಲ್ಲ, ಅಂದಾಜು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕೈಗೆ ಕಟ್ಟುವ ಏಳು ಸಾಧನಗಳಿದ್ದವು. ಕ್ಯಾಲರಿ ಲೆಕ್ಕದಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದ ಸಾಧನವೂ ಸರಾಸರಿ 27 ಶೇಕಡಾ ತಪ್ಪಿತ್ತು, ತೀರಾ ಕಳಪೆಯಾದದ್ದು 93 ಶೇಕಡಾ. ಜತೆಗೆ ಕೆಲವು ಆ್ಯಪ್‌ಗಳು ವಿಶ್ರಾಂತಿಯ ಖರ್ಚನ್ನೂ ಸೇರಿಸಿ ಒಟ್ಟು ತೋರಿಸುತ್ತವೆ, ಕೆಲವು ಬಿಟ್ಟು ತೋರಿಸುತ್ತವೆ. ಪರದೆಯ ಮೇಲೆ ದೊಡ್ಡದಾಗಿ ಕಾಣುವ ಅಂಕಿ ಯಾವುದು ಎಂದು ಸೆಟ್ಟಿಂಗ್ಸ್‌ಗೆ ಹೋಗಿ ನೋಡುವವರು ಕಡಿಮೆ.

ಆರು ದಿನಕ್ಕೆ 195ರಂತೆ ವಾರಕ್ಕೆ 1,170 ಕ್ಯಾಲರಿ. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲರಿ ಎಂದು ಹಿಡಿದರೆ, ಊಟತಿಂಡಿ ಏನೂ ಬದಲಾಗದಿದ್ದಲ್ಲಿ ಹನ್ನೆರಡು ವಾರಕ್ಕೆ 1.8 ಕಿಲೋ ಇಳಿಯಬೇಕಿತ್ತು. ಅದೇನೂ ದೊಡ್ಡ ಅಂಕಿಯಲ್ಲ. ಬರೀ ನಡಿಗೆಯಿಂದ ಮೂರು ತಿಂಗಳಿಗೆ ಆರು ಕಿಲೋ ಇಳಿಯುತ್ತದೆಂದು ಹೊರಟವರಿಗೆ ಮೊದಲು ತೋರಿಸಬೇಕಾದ ಲೆಕ್ಕ ಇದು. ಆದರೂ 1.8 ಕಿಲೋ ಎಲ್ಲಿ ಹೋಯಿತು ಎಂಬ ಪ್ರಶ್ನೆ ಉಳಿಯುತ್ತದೆ.

ಕೈಕೊಟ್ಟ ಎರಡು ಉಪಾಯ

ಲೆಕ್ಕ ನೋಡುವ ಮೊದಲೇ ಅವರು ಎರಡು ಉಪಾಯ ಮಾಡಿದ್ದರು. ಒಂದು, ನಡಿಗೆಯನ್ನು 75 ನಿಮಿಷಕ್ಕೆ ಏರಿಸಿದ್ದು. ಕಾಗದದ ಮೇಲೆ ಇದರಿಂದ ದಿನಕ್ಕೆ ನೂರು ಕ್ಯಾಲರಿ ಹೆಚ್ಚುವರಿ ಖರ್ಚು. ನಾಲ್ಕು ವಾರವಾದರೂ ತೂಕ ಅಲ್ಲೇ ನಿಂತಿತ್ತು. ಆದದ್ದೇನೆಂದರೆ, ಹೆಚ್ಚು ನಡೆದ ದಿನ ಕಾಲು ನೋವೆಂದು ಕಚೇರಿಯಲ್ಲಿ ಎರಡು ಮಹಡಿಗೂ ಲಿಫ್ಟು. ಹಾಲಿನ ಬೂತಿಗೆ ಸ್ಕೂಟರು. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ನಿದ್ದೆ. ಕೂಡಲು ಹೋದ ಖರ್ಚು ದಿನದ ಬೇರೆ ಹೊತ್ತಿನಲ್ಲಿ ಕಳೆದುಹೋಯಿತು. ತಟ್ಟೆಯಲ್ಲೂ ಒಂದಿಷ್ಟು ಏರಿತು.

ಇದು ಇವರೊಬ್ಬರ ಹಣೆಬರಹವಲ್ಲ. ಟಿಮೊಥಿ ಚರ್ಚ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ ಮುಟ್ಟು ನಿಂತ, ತೂಕ ಹೆಚ್ಚಿದ್ದ 400ಕ್ಕೂ ಹೆಚ್ಚು ಹೆಂಗಸರನ್ನು ಮೂರು ಪ್ರಮಾಣದ ವ್ಯಾಯಾಮಕ್ಕೂ ಒಂದು ಹೋಲಿಕೆಯ ಗುಂಪಿಗೂ ಹಂಚಿದ್ದರು. ವಾರಕ್ಕೆ ಸರಿಸುಮಾರು 70, 135 ಮತ್ತು 190 ನಿಮಿಷ, ಆರು ತಿಂಗಳು. ಮೊದಲ ಎರಡು ಗುಂಪಿನಲ್ಲಿ ತೂಕ ಇಳಿದದ್ದು ಲೆಕ್ಕಕ್ಕೆ ಹತ್ತಿರವಾಗಿತ್ತು. ಎಲ್ಲರಿಗಿಂತ ಹೆಚ್ಚು ಬೆವರಿಳಿಸಿದ ಮೂರನೆಯ ಗುಂಪಿನಲ್ಲಿ 2.7 ಕಿಲೋ ಇಳಿಯಬೇಕಿದ್ದದ್ದು ಇಳಿದದ್ದು 1.5 ಮಾತ್ರ. ಮೂರೂ ಗುಂಪಿನವರ ಹೊಟ್ಟೆಯ ಸುತ್ತಳತೆ ಮಾತ್ರ ತಗ್ಗಿತ್ತು, ನಮ್ಮ ಪ್ರಕರಣದಲ್ಲಿ ಆದ ಹಾಗೆಯೇ. ಹಾಗಾಗಿ ಇಲ್ಲಿ ಯಾರೂ ವಾಕಿಂಗ್ ದಂಡವೆಂದು ಓದಿಕೊಳ್ಳಬಾರದು.

ಎರಡನೆಯ ಉಪಾಯ ಮನೆಯ ತಿಂಡಿ ಬಿಡುವುದು. ಅದು ಎರಡು ವಾರವೂ ನಿಲ್ಲಲಿಲ್ಲ. ಬೆಳಿಗ್ಗೆ ಏಳೂವರೆಗೆ ಬರೀ ಕಾಫಿ ಕುಡಿದು ಕಚೇರಿಗೆ ಹೋದವರಿಗೆ ಹನ್ನೊಂದಕ್ಕೆ ಕ್ಯಾಂಟೀನಿನ ಬೋಂಡ ಕಾಣುತ್ತದೆ. ಎರಡು ಬೋಂಡ, ಚಟ್ನಿ, ಇನ್ನೊಂದು ಕಾಫಿ ಆಗುವಷ್ಟರಲ್ಲಿ ಬಿಟ್ಟ ಉಪ್ಪಿಟ್ಟಿನ ಲೆಕ್ಕ ಚುಕ್ತಾ.

ಹದಿನಾಲ್ಕು ದಿನದ ಪುಸ್ತಕ

ಮೂರನೆಯ ಹೆಜ್ಜೆ ಏನನ್ನೂ ಬದಲಾಯಿಸದೆ ಬರೆದಿಡುವುದಾಗಿತ್ತು. ನಡಿಗೆ ಮತ್ತೆ 50 ನಿಮಿಷಕ್ಕೆ ಇಳಿಯಿತು, ಮನೆಯ ತಿಂಡಿ ಮರಳಿತು. ಒಂದು ಸಣ್ಣ ನೋಟ್ ಪುಸ್ತಕ. ತಿಂದದ್ದು ಕುಡಿದದ್ದು ಎಲ್ಲ, ಆಗಿಂದಾಗಲೇ, ಸಮಯ ಹಾಕಿ. ರಾತ್ರಿ ಕೂತು ನೆನಪಿನಿಂದ ಬರೆದರೆ ನಿಂತುಕೊಂಡು ತಿಂದದ್ದೆಲ್ಲ ಬಿಟ್ಟುಹೋಗುತ್ತದೆ, ಈ ಪ್ರಕರಣದಲ್ಲಿ ನೋಡಬೇಕಾದದ್ದೇ ಅದು. ಪ್ರತಿ ಸಾಲಿನ ಪಕ್ಕ ಎರಡು ಗುರುತು: ತಿನ್ನುವ ಮುಂಚೆ ಹಸಿವು ಹತ್ತಕ್ಕೆ ಎಷ್ಟು, ಮತ್ತು ಇವತ್ತು ನಡೆಯದಿದ್ದರೆ ಇದನ್ನು ತಿನ್ನುತ್ತಿದ್ದೆನೇ. ಎರಡು ಭಾನುವಾರದ ಜತೆಗೆ, ಬೇಕೆಂದೇ ಎರಡು ಕೆಲಸದ ದಿನವೂ ನಡಿಗೆಗೆ ರಜೆ. ಹೋಲಿಸಲು ನಡೆಯದ ದಿನ ಬೇಕು, ಭಾನುವಾರವೊಂದನ್ನೇ ನಂಬುವಂತಿಲ್ಲ, ಆವತ್ತಿನ ಅಡುಗೆಯೇ ಬೇರೆ.

ಕ್ಯಾಲರಿ ಕೂಡುವಾಗ ಒಂದು ನಿಯಮ ಗಟ್ಟಿಯಾಗಿ ಹಿಡಿಯಬೇಕು. ನಡಿಗೆಯ ಮೇಲೆ ತಿಂದದ್ದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ನಡೆಯದ ದಿನಕ್ಕಿಂತ ಹೆಚ್ಚಾಗಿ ತಿಂದದ್ದಷ್ಟೇ ಬರುತ್ತದೆ. ಈ ಭೇದ ತಪ್ಪಿದರೆ ಮಸಾಲೆ ದೋಸೆಯ ಮೇಲೆ ಅನ್ಯಾಯವಾಗಿ ಅಪವಾದ ಬರುತ್ತದೆ.

ಪುಸ್ತಕದಲ್ಲಿ ಕಂಡದ್ದು ಹೀಗೆ. ದಿನಾ ದರ್ಶಿನಿಯಲ್ಲಿ ಒಂದು ಫಿಲ್ಟರ್ ಕಾಫಿ. ಲೋಟದಲ್ಲಿ ಹಾಲು ಸುಮಾರು 80 ಮಿ.ಲೀ., ಅದಕ್ಕೆ 50 ಕ್ಯಾಲರಿ. ಎರಡು ಚಮಚ ಸಕ್ಕರೆಗೆ 40. ಒಟ್ಟು 90. ಮನೆಗೆ ಬಂದ ಮೇಲೆ ಮಾಮೂಲು ಕಾಫಿ ಇದ್ದೇ ಇರುತ್ತದೆ, ಆದ್ದರಿಂದ ಇದು ಪೂರ್ತಿ ಹೆಚ್ಚುವರಿ. ಆರು ದಿನಕ್ಕೆ 540. ಇಷ್ಟು ಚಿಕ್ಕ ಲೋಟ ಇಡೀ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

ಬುಧವಾರ ಒಂದು ಉದ್ದಿನ ವಡೆ, ಸುಮಾರು 160. ಹಸಿವಿನ ಗುರುತು ಹತ್ತಕ್ಕೆ ಎರಡು. ಪಕ್ಕದಲ್ಲಿ ಗೆಳೆಯರ ಮಾತನ್ನೂ ಬರೆದಿದ್ದರು: “ಏನ್ ಸಾರ್, ಎರಡು ರೌಂಡ್ ಹೊಡೆದಿದೀವಿ, ಒಂದು ವಡೆಗೆ ಹೆದರ್ತೀರಾ?”

ಶನಿವಾರ ಮಸಾಲೆ ದೋಸೆ. ಹೋಟೆಲಿನ ದೋಸೆ 350ರಿಂದ 450ರವರೆಗೂ ಇರಬಹುದು. ಮೇಲಿಡುವ ಬೆಣ್ಣೆಯ ಮುದ್ದೆ ಹತ್ತು ಗ್ರಾಂ ಇದ್ದರೆ ಅದೊಂದೇ 70 ದಾಟುತ್ತದೆ. ದೋಸೆಗೆ 400 ಎಂದಿಟ್ಟುಕೊಳ್ಳೋಣ. ಆದರೆ ಮನೆಯ ತಿಂಡಿ ಹೇಗೂ ಸುಮಾರು 350 ಕ್ಯಾಲರಿಯದು. ದೋಸೆ ಅದರ ಬದಲಿಗೆ ಬಂದಿದ್ದರೆ ಹೆಚ್ಚುವರಿ ಬರೀ 50. ತೊಂದರೆಯಾದದ್ದು ಮನೆಗೆ ಬಂದ ಮೇಲೆ. “ನಡ್ಕೊಂಡು ಬಂದಿದೀರಿ, ಬಿಸಿ ಆರೋಗತ್ತೆ, ಸ್ವಲ್ಪ ತಿನ್ನಿ” ಎಂದು ಹೆಂಡತಿ ಬಡಿಸಿದ ಅರ್ಧ ತಟ್ಟೆ. ದೋಸೆ ತಿಂದು ಬಂದೆ ಅನ್ನಲು ಸಂಕೋಚ. ಅದರ 200 ಸೇರಿ ಶನಿವಾರದ ಹೆಚ್ಚುವರಿ 250.

ನಾಲ್ಕನೆಯದು ಪಾರ್ಕಿನಿಂದ ಬಹುದೂರ, ಸಂಜೆ ನಾಲ್ಕೂವರೆಗೆ, ಕಚೇರಿಯ ಮೇಜಿನ ಮೇಲಿದ್ದ ಖಾರದ ಮಿಕ್ಸ್ಚರಿನ ಡಬ್ಬಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ ಅವರ ಒಂದು ಹಿಡಿ 30 ಗ್ರಾಂ, ಸುಮಾರು 160 ಕ್ಯಾಲರಿ. ವಾಕಿಂಗ್ ಶುರುವಾಗುವ ಮೊದಲೂ ವಾರಕ್ಕೆರಡು ದಿನ ತಿನ್ನುತ್ತಿದ್ದರು. ಈಗ ನಾಲ್ಕು ದಿನ. ಹೆಚ್ಚುವರಿ 320. ಇದಕ್ಕೂ ಬೆಳಗಿನ ನಡಿಗೆಗೂ ಏನು ಸಂಬಂಧ ಎಂದು ಅನುಮಾನಿಸಬಹುದಿತ್ತು. ಬೇಕೆಂದೇ ನಡಿಗೆ ಬಿಟ್ಟ ಎರಡು ದಿನಗಳ ಪುಟ ಆ ಅನುಮಾನ ತೆಗೆಯಿತು. ಎರಡೂ ದಿನ ಡಬ್ಬಿ ಎದುರಿಗೆ ಬಂದಿತ್ತು, ಎರಡೂ ದಿನ ಬೇಡವೆಂದಿದ್ದರು. ಒಂದರ ಪಕ್ಕ ಅವರದೇ ಅಕ್ಷರದಲ್ಲಿ, “ಇವತ್ತು ವಾಕಿಂಗ್ ಇಲ್ಲ.”

540, 160, 250, 320. ಒಟ್ಟು 1,270. ನಡಿಗೆಯ ಖರ್ಚು 1,170.

ಹನ್ನೆರಡು ವಾರಕ್ಕೆ ಈ ನೂರರ ಅಂತರವನ್ನು ಹಾಕಿದರೆ 0.16 ಕಿಲೋ ಏರಿಕೆ, ತೂಕದ ಯಂತ್ರ ತೋರಿಸಿದ್ದು 0.2. ಇಷ್ಟು ಚೊಕ್ಕವಾಗಿ ಹೊಂದಿದ್ದಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಹೋಟೆಲಿನ ತಿಂಡಿಯ ಅಂದಾಜಿನಲ್ಲಿ ಐದರಲ್ಲೊಂದು ಪಾಲು ಆಚೀಚೆ ಆಗುವುದು ಸಹಜ, ಬರೆಯುತ್ತಿದ್ದೇನೆಂಬ ಎಚ್ಚರದಲ್ಲಿ ಮನುಷ್ಯ ಕಡಿಮೆ ತಿನ್ನುವುದೂ ಉಂಟು, ಕಡಿಮೆ ಬರೆಯುವುದೂ ಉಂಟು. ಪುಸ್ತಕದಿಂದ ಸಿಗುವುದು ಪೈಸೆಪೈಸೆಯ ಲೆಕ್ಕವಲ್ಲ, ಎಲ್ಲೆಲ್ಲಿ ಸೋರುತ್ತಿದೆ ಎಂಬುದು.

ಹಸಿವೋ, ಬಹುಮಾನವೋ

ವ್ಯಾಯಾಮ ಮಾಡಿದರೆ ಹಸಿವು ಹೆಚ್ಚುತ್ತದೆ, ಅದಕ್ಕೇ ತಿನ್ನುತ್ತೇವೆ ಎಂಬುದು ಸಾಮಾನ್ಯ ನಂಬಿಕೆ. ಬಿರುಸಿನ ವ್ಯಾಯಾಮ ಮುಗಿದ ಕೂಡಲೇ ಆಗುವುದು ಹೆಚ್ಚಾಗಿ ಇದಕ್ಕೆ ವಿರುದ್ಧ. ಹಸಿವು ಹುಟ್ಟಿಸುವ ಘ್ರೆಲಿನ್ ಹಾರ್ಮೋನು ಆಗ ಸ್ವಲ್ಪ ಹೊತ್ತು ತಗ್ಗುತ್ತದೆ. ಸಾಧಾರಣ ನಡಿಗೆಯಲ್ಲಿ ಇದು ಅಷ್ಟಾಗಿ ಕಾಣದಿದ್ದರೂ, ಏಳೂವರೆಗೆ ವಡೆ ಬೇಕೇಬೇಕು ಅನ್ನಿಸುವಷ್ಟು ಹಸಿವನ್ನು ಐವತ್ತು ನಿಮಿಷದ ನಡಿಗೆ ತರುವುದಿಲ್ಲ. ಪುಸ್ತಕದಲ್ಲಿದ್ದ ಹತ್ತಕ್ಕೆ ಎರಡು ಎಂಬ ಗುರುತು ಇದನ್ನೇ ಹೇಳುತ್ತದೆ. ಹಸಿವು ಐದಕ್ಕಿಂತ ಕೆಳಗಿದ್ದೂ ತಿಂದ ಸಾಲುಗಳ ಸುತ್ತ ಗೆರೆ ಎಳೆದರೆ ಬಹುಮಾನದ ತಿನಿಸುಗಳ ಪಟ್ಟಿ ತಾನಾಗಿಯೇ ಸಿಗುತ್ತದೆ.

ಬಹುಮಾನ ಕೆಲಸ ಮಾಡುವುದು ಹಕ್ಕಿನ ರೂಪದಲ್ಲಿ. ಬೆಳಿಗ್ಗೆ ಒಳ್ಳೆಯದೊಂದು ಮಾಡಿದ್ದೇನೆ, ಆದ್ದರಿಂದ ಇದು ನನಗೆ ಸಲ್ಲಬೇಕು. ಆ ಹಕ್ಕು ಒಂದೇ ಸಲಕ್ಕೆ ಮುಗಿಯುವುದಿಲ್ಲ ಎಂಬುದು ಈ ಪ್ರಕರಣದ ಮುಖ್ಯ ಪಾಠ. ಅದೇ 195 ಕ್ಯಾಲರಿಯನ್ನು ಏಳೂವರೆಗೆ ಕಾಫಿಗೆ, ಎಂಟೂವರೆಗೆ ಅರ್ಧ ತಟ್ಟೆಗೆ, ಸಂಜೆ ಮಿಕ್ಸ್ಚರಿಗೆ ಮೂರು ಸಲ ಖರ್ಚಿಗೆ ತೋರಿಸಲಾಗುತ್ತಿತ್ತು. ಯಾವುದೂ ಒಂಟಿಯಾಗಿ ದೊಡ್ಡದಲ್ಲ. ಹಾಗಾಗಿ ಕೇಳಿದಾಗ ಅವರು “ನಾನೇನೂ ಜಾಸ್ತಿ ತಿನ್ನಲ್ಲ” ಎಂದದ್ದು ಸುಳ್ಳಲ್ಲ.

ವಾಚಿನ 340 ಈ ಹಕ್ಕನ್ನು ಹಿಗ್ಗಿಸಿತು. ವಾಚಿಲ್ಲದಿದ್ದರೂ ಹೆಚ್ಚು ವ್ಯತ್ಯಾಸವಾಗುತ್ತಿರಲಿಲ್ಲವೇನೋ. ಕೆನಡಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಟ್ರೆಡ್‌ಮಿಲ್ ಮೇಲೆ ನಡೆದವರಿಗೆ, ನೀವು ಖರ್ಚು ಮಾಡಿದಷ್ಟೇ ಕ್ಯಾಲರಿಯ ತಿಂಡಿಯನ್ನು ತಟ್ಟೆಯಿಂದ ಆರಿಸಿ ತಿನ್ನಿ ಅಂದರು. ತಿಂದದ್ದು ಎರಡು ಮೂರು ಪಟ್ಟು. ಅವರು ತೂಕ ಹೆಚ್ಚಿದವರೂ ಅಲ್ಲ, ಸಾಧಾರಣ ಮೈಕಟ್ಟಿನವರು. ಬೆವರಿನಿಂದ ಕ್ಯಾಲರಿ ಅಳೆಯುವ ಶಕ್ತಿ ನಮ್ಮಲ್ಲಿ ಯಾರಿಗೂ ಇಲ್ಲ.

ಪಾರ್ಕುಗಳ ಹೊರಗೆ ಮಾರುವ ಬೂದುಗುಂಬಳದ ರಸ, ಹಾಗಲಕಾಯಿ ರಸಗಳದ್ದು ಇನ್ನೊಂದು ಬಗೆ. ಅವುಗಳಲ್ಲಿ ಕ್ಯಾಲರಿ ಹೆಚ್ಚೇನಿಲ್ಲ. ಕಹಿ ಕುಡಿದದ್ದು ಇನ್ನೊಂದು ಪುಣ್ಯವೆಂದು ಜಮೆಯಾಗಿ, ಪಕ್ಕದ ಅಂಗಡಿಯ ಬಾಣಲೆಯ ಕಡೆಗೆ ಧೈರ್ಯವಾಗಿ ಹೋಗುವಂತೆ ಮಾಡುತ್ತವೆ. ಕಬ್ಬಿನ ಹಾಲಾದರೆ ನೇರವಾಗಿಯೇ ಸಕ್ಕರೆ.

ಎಲ್ಲರೂ ಹೀಗೆ ತಿಂದು ತುಂಬಿಸಿಕೊಳ್ಳುತ್ತಾರೆಂದೂ ಅಲ್ಲ. ನೀಲ್ ಕಿಂಗ್ ಮತ್ತಿತರರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 35 ಮಂದಿ ಹನ್ನೆರಡು ವಾರ, ವಾರಕ್ಕೆ ಐದು ದಿನ, ಪ್ರತಿಸಲ 500 ಕ್ಯಾಲರಿ ಖರ್ಚಾಗುವವರೆಗೆ ಮೇಲ್ವಿಚಾರಣೆಯಲ್ಲೇ ವ್ಯಾಯಾಮ ಮಾಡಿದರು. ಸರಾಸರಿ 3.7 ಕಿಲೋ ಇಳಿಯಿತು. ಆದರೆ ಒಬ್ಬರು 14.7 ಕಿಲೋ ಇಳಿದಿದ್ದರೆ ಇನ್ನೊಬ್ಬರು 1.7 ಕಿಲೋ ಏರಿದ್ದರು. ಪಕ್ಕದವರಿಗೆ ಕೆಲಸ ಮಾಡಿದ್ದು ನನಗೇಕಿಲ್ಲ ಎಂಬ ಬೇಸರಕ್ಕೆ ಉತ್ತರ ಈ ಹರವಿನಲ್ಲಿದೆ. ಆ ಪಕ್ಕದವರ ತಟ್ಟೆ ನಮಗೆ ಕಂಡಿರುವುದಿಲ್ಲ.

ಬದಲಾದದ್ದು

ಕಾಫಿ ಗುಂಪನ್ನು ಬಿಡುವ ಮಾತು ಮೊದಲಿಗೇ ಕೈಬಿಟ್ಟದ್ದಾಯಿತು. ಆರು ದಿನವೂ ಐದೂ ಮುಕ್ಕಾಲಿಗೆ ಎಬ್ಬಿಸುತ್ತಿದ್ದುದು ಆ ಗೆಳೆಯರೇ. ಗುಂಪು ಹೋದರೆ ತಿಂಗಳೊಳಗೆ ವಾಕಿಂಗೂ ಹೋಗುತ್ತದೆ. ಬದಲಾಯಿಸಿದ್ದು ಜಾಗವನ್ನು. ಎರಡು ಬೀದಿಯಾಚೆ ಕಾಫಿಪುಡಿ ಮಾರುವ ಅಂಗಡಿಯೊಂದರಲ್ಲಿ ಲೋಟದ ಕಾಫಿಯೂ ಸಿಗುತ್ತಿತ್ತು, ತಿಂಡಿ ಇರಲಿಲ್ಲ. ಬಾಣಲೆಯ ವಾಸನೆ ಇಲ್ಲದ ಕಡೆ ಬುಧವಾರದ ವಡೆ ಯಾರೂ ಬೇಡ ಅನ್ನದೆಯೇ ನಿಂತುಹೋಯಿತು. ಕಾಫಿ ಬೈಟು ಆಯಿತು. ಲೆಕ್ಕ 90ರಿಂದ 45ಕ್ಕೆ. ಸಕ್ಕರೆಯಿಲ್ಲದ ಪೂರ್ತಿ ಲೋಟ ಕುಡಿದರೂ ಹತ್ತಿರಹತ್ತಿರ ಅಷ್ಟೇ ಆಗುತ್ತಿತ್ತು, ಆದರೆ ಸಿಹಿ ಬಿಟ್ಟ ಕಾಫಿಯನ್ನು ಅವರು ಮೂರು ದಿನವೂ ಕುಡಿಯಲಾರದೆ ಹೋದರು.

ಮಸಾಲೆ ದೋಸೆ ಉಳಿಯಿತು. ಶುಕ್ರವಾರ ರಾತ್ರಿಯೇ ಮನೆಯಲ್ಲಿ “ನಾಳೆ ನನಗೆ ತಿಂಡಿ ಬೇಡ” ಎಂದು ಹೇಳಿಡುವುದು ಒಂದೇ ಷರತ್ತು. ಬೆಳಿಗ್ಗೆ ಬಡಿಸುವ ಹೊತ್ತಿನಲ್ಲಿ ಬೇಡ ಅನ್ನುವುದು ಕಷ್ಟ, ಹಿಂದಿನ ರಾತ್ರಿ ಸುಲಭ. ಹೆಚ್ಚುವರಿ 250 ಇದ್ದದ್ದು 50 ಆಯಿತು. ಉಳಿದ ದಿನ ಪಾರ್ಕಿನಿಂದ ಮನೆಗೆ ಬಂದ ಅರ್ಧ ಗಂಟೆಯೊಳಗೆ ತಿಂಡಿ ಸಿಗುವ ಹಾಗೆ ನೋಡಿಕೊಂಡರು. ತಿಂಡಿ ಬಿಟ್ಟ ಹಿಂದಿನ ಉಪಾಯಕ್ಕೆ ನೇರ ಎದುರಾದ ದಾರಿ ಇದು.

ಮಿಕ್ಸ್ಚರಿನದೇ ಹೆಚ್ಚು ಪಟ್ಟು. ಬದಲಿಗೆ ಹುರಿದ ಕಡಲೆಕಾಯಿ ತಿನ್ನೋಣವೆಂದು ಒಂದು ವಾರ ನೋಡಿದರು. 30 ಗ್ರಾಂ ಕಡಲೆಕಾಯಿ ಬೀಜದಲ್ಲೂ 170 ಕ್ಯಾಲರಿ. ಮೈಗೆ ಅದು ಒಳ್ಳೆಯದು, ಈ ಲೆಕ್ಕಕ್ಕೆ ಒಂದೇ. ಕೊನೆಗೆ ಹಿಡಿದದ್ದು ದಿನ ಗೊತ್ತುಮಾಡುವ ದಾರಿ. ಮಂಗಳವಾರ, ಶುಕ್ರವಾರ, ನಡೆದಿರಲಿ ಬಿಡಲಿ. ಇದರಲ್ಲಿ ಒಂದು ಒಳಗುಟ್ಟಿದೆ. ತಿನಿಸನ್ನು ಕ್ಯಾಲೆಂಡರಿಗೆ ಕಟ್ಟಿದ ಮೇಲೆ ಅದು ನಡಿಗೆಯ ಬಹುಮಾನವಾಗಿ ಉಳಿಯುವುದಿಲ್ಲ. ವಾಚಿನಲ್ಲಿ ಕ್ಯಾಲರಿಯ ಪರದೆಯನ್ನು ತೆಗೆದು ನಿಮಿಷ ಮತ್ತು ದೂರ ಮಾತ್ರ ಉಳಿಸಿದ್ದೂ ಇದೇ ಕಾರಣಕ್ಕೆ.

ಈಗ ವಾರದ ಹೆಚ್ಚುವರಿ: ಕಾಫಿಗೆ 270, ದೋಸೆಗೆ 50, ಒಟ್ಟು 320. ಉಳಿತಾಯ 850. ಹನ್ನೆರಡು ವಾರಕ್ಕೆ ಸುಮಾರು 10,200 ಕ್ಯಾಲರಿ, ಅಂದರೆ ಹೆಚ್ಚೆಂದರೆ 1.3 ಕಿಲೋ. ತೂಕ ಇಳಿದಂತೆ ದೇಹದ ಖರ್ಚೂ ಕೊಂಚ ಇಳಿಯುವುದರಿಂದ ಪೂರ್ತಿ ಸಿಗುವುದಿಲ್ಲ. ಅವರ ತೂಕ 78.2ರಿಂದ 77.1ಕ್ಕೆ ಬಂತು.

ಇಷ್ಟು ಸಣ್ಣ ಇಳಿಕೆಯನ್ನು ಗುರುತಿಸಲು ತೂಗುವ ಕ್ರಮವೂ ಸರಿಯಿರಬೇಕು. ಉಪ್ಪು, ನೀರು, ಹಿಂದಿನ ರಾತ್ರಿಯ ಊಟದಿಂದಲೇ ತೂಕ ದಿನದಿಂದ ದಿನಕ್ಕೆ ಒಂದು ಕಿಲೋ ಏರಿಳಿಯುತ್ತದೆ. ದಿನಾ ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ಕುಡಿಯುವ ಮೊದಲು ತೂಗಿ, ಏಳು ದಿನದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯ ಜತೆ ಇಟ್ಟು ನೋಡಬೇಕು. ವಾಕಿಂಗ್ ಮುಗಿಸಿ ಬಂದ ಕೂಡಲೇ ತೂಗಿದರೆ ಕಡಿಮೆಯಾಗಿ ಕಾಣುವುದು ಬೆವರಿನ ನೀರು. ಆ ಅಂಕಿ ನೋಡಿ ಖುಷಿಯಾದವರೇ ಮತ್ತೆ ದರ್ಶಿನಿಗೆ ಹೋಗುವುದು.

ಐದು ಕಿಲೋ ಇಳಿಸಬೇಕಾದವರಿಗೆ ಈ 1.1 ಸಾಲದು. ಅದಕ್ಕೆ ಊಟದ ಅಳತೆಯನ್ನೇ ಮುಟ್ಟಬೇಕು, ಅದು ಬೇರೆ ಕೆಲಸ. ಇಲ್ಲಿ ಆದದ್ದು ನಡಿಗೆಯ ಖರ್ಚಿನಲ್ಲಿ ಮುಕ್ಕಾಲು ಪಾಲನ್ನು ಮರಳಿ ಪಡೆದದ್ದು ಮಾತ್ರ.

ಈ ಲೆಕ್ಕ ಹೊಂದದವರು

ವ್ಯಾಯಾಮದ ಮೇಲೆ ತಿನ್ನುವುದೆಲ್ಲ ಬಹುಮಾನವಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರಿಗೆ ನಡೆದಾಗ ಸಕ್ಕರೆ ನಿಜವಾಗಿಯೇ ಕುಸಿಯಬಹುದು. ಕೈ ನಡುಕ, ತಣ್ಣನೆಯ ಬೆವರು, ಕಣ್ಣು ಮಂಜಾಗುವುದು, ಮಾಪನದಲ್ಲಿ 70ಕ್ಕಿಂತ ಕೆಳಗಿನ ಅಂಕಿ ಕಂಡರೆ ಮೂರು ಚಮಚ, ಅಂದರೆ 15 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು 15 ನಿಮಿಷಕ್ಕೆ ಮತ್ತೆ ನೋಡಬೇಕು. ಅಲ್ಲಿ ಕ್ಯಾಲರಿ ಎಣಿಸುತ್ತಾ ಕೂರುವುದು ಅಪಾಯ. ಅಂಥ ಕುಸಿತ ಮತ್ತೆಮತ್ತೆ ಆಗುತ್ತಿದ್ದರೆ ಡಾಕ್ಟರಿಗೆ ತೋರಿಸಿ ಔಷಧದ ಪ್ರಮಾಣ ಹೊಂದಿಸಿಕೊಳ್ಳಬೇಕು. ದಿನಾ ಗಂಟೆಗಟ್ಟಲೆ ಓಡುವವರು, ಮೈಮುರಿದು ದುಡಿಯುವವರು ಖರ್ಚಾದದ್ದನ್ನು ತಿಂದು ತುಂಬಿಸಿಕೊಳ್ಳಲೇಬೇಕು. ತಿನ್ನುವುದರ ಬಗ್ಗೆ ಭಯ, ತಿಂದು ವಾಂತಿ ಮಾಡುವ ಚಟದಂಥ ತೊಂದರೆ ಹಿಂದೆ ಇದ್ದವರ ಕೈಗೆ ಈ ನೋಟ್ ಪುಸ್ತಕ ಕೊಡಲೇಬಾರದು.

ಮಳೆಗಾಲದಲ್ಲಿ

ಎರಡನೆಯ ಹನ್ನೆರಡು ವಾರದ ಮಧ್ಯೆ ಮಳೆ ಹಿಡಿದು ಒಂದು ವಾರ ಆರರಲ್ಲಿ ಎರಡೇ ದಿನ ನಡೆಯಲು ಸಿಕ್ಕಿತು. ಖರ್ಚು 390ಕ್ಕೆ ಇಳಿಯಿತು. ಕೊಡೆ ಹಿಡಿದು ಕಾಫಿಗೆ ಸೇರುವುದು ಮಾತ್ರ ಒಂದು ದಿನವೂ ತಪ್ಪಲಿಲ್ಲ, ಶನಿವಾರದ ದೋಸೆಯೂ ಆಯಿತು. ಬಹುಮಾನ ಒಮ್ಮೆ ರೂಢಿಯಾದರೆ ಅದಕ್ಕೆ ಕಾರಣವಾದ ಕೆಲಸ ನಿಂತ ಮೇಲೂ ಅದು ನಡೆಯುತ್ತಲೇ ಇರುತ್ತದೆ. ಹಳೆಯ ರೂಢಿಯೇ ಇದ್ದಿದ್ದರೆ ಆ ವಾರ 1,270 ತಿಂದು 390 ಖರ್ಚು ಮಾಡಿದಂತಾಗುತ್ತಿತ್ತು. ವರ್ಷಕ್ಕೆ ಅಂಥ ಒಂಬತ್ತು ವಾರ ಬಂದರೆ ಒಂದು ಕಿಲೋ. ಹೊಸ ರೂಢಿಯಲ್ಲಿ 320ಕ್ಕೆ 390, ಇನ್ನೂ 70ರ ಉಳಿತಾಯ. ಮಳೆಯ ದಿನಗಳಿಗೆಂದು ಅವರು ಇನ್ನೊಂದನ್ನು ಸೇರಿಸಿಕೊಂಡರು. ಬೆಳಿಗ್ಗೆ ನಡೆಯಲಾಗದಿದ್ದರೆ ಮಧ್ಯಾಹ್ನದ ಊಟವಾದ ಮೇಲೆ ಕಚೇರಿಯ ಉದ್ದನೆಯ ಮೊಗಸಾಲೆಯಲ್ಲಿ ಇಪ್ಪತ್ತು ನಿಮಿಷ. ಖರ್ಚು ಎಂಬತ್ತು ಕ್ಯಾಲರಿಯೂ ಆಗದು, ಆದರೆ ಆ ಹೊತ್ತಿನಲ್ಲಿ ಕ್ಯಾಂಟೀನು ಮುಚ್ಚಿರುತ್ತದೆ.